ಬುಗುರಿ ಬಿತ್ತಾ, ಬೀಳ್ಲಿಲ್ವಾ: ಇನ್‌ಸೆಪ್ಷನ್ ಕೊನೆ ಬಗ್ಗೆ ನನ್ನ ಉತ್ತರ

"ಇನ್‌ಸೆಪ್ಷನ್ ಕೊನೇಲಿ ಬುಗುರಿ ಇನ್ನೂ ತಿರುಗ್ತಿರುವಾಗ್ಲೇ ಸ್ಕ್ರೀನ್ ಕಪ್ಪಾಗ್ಬಿಡುತ್ತಲ್ಲ, ಕಾಬ್ ನಿಜವಾಗ್ಲೂ ಮನೆಗೆ ಬಂದ್ನಾ ಅಥ್ವಾ ಅದೂ ಕನಸಾ? ನೀವು ಯಾವ್ ಕಡೆ?"

ಸಿನಿಮಾ ನೆನಪಿಲ್ಲದವರಿಗೆ ಒಂದು ಮಾತು: ಕಾಬ್ ಬೇರೆಯವರ ಕನಸಿನೊಳಗೆ ನುಗ್ಗಿ ಗುಟ್ಟು ಕದಿಯೋನು, ಹೆಂಡತಿ ಸಾವಿನ ಆರೋಪ ಹೊತ್ತು ಮಕ್ಕಳಿಂದ ದೂರ ಓಡಿಹೋದೋನು, ಕನಸಾ ನಿಜಾನಾ ಅಂತ ಬುಗುರಿ ತಿರುಗಿಸಿ ನೋಡೋನು, ಅದು ಬಿದ್ರೆ ನಿಜ. ಅವನು ಮನೆಗೆ ಬಂದ ಅಂತಾನೇ ನಾನು ಓದೋದು. ಆದ್ರೆ ಅದನ್ನ ಬುಗುರಿ ನೋಡಿ ಹೇಳ್ತಿಲ್ಲ, ಬುಗುರಿ ಬಿದ್ದಿದ್ರೂ ನನ್ನ ಉತ್ತರಕ್ಕೆ ಅದು ಸಾಕ್ಷಿ ಆಗ್ತಿರ್ಲಿಲ್ಲ. ಈ ಮಾತಿಗೆ ತುಂಬಾ ಜನ ಹುಬ್ಬೇರಿಸ್ತಾರೆ, ಯಾಕಂದ್ರೆ ಇಡೀ ಚರ್ಚೆ ನಡೀತಿರೋದೇ "ಇನ್ನೊಂದೆರಡು ಸೆಕೆಂಡ್ ತೋರಿಸಿದ್ರೆ ಗೊತ್ತಾಗ್ತಿತ್ತು" ಅನ್ನೋ ನಂಬಿಕೆ ಮೇಲೆ. ಗೊತ್ತಾಗ್ತಿರ್ಲಿಲ್ಲ. ಯಾಕೆ ಅಂತ ಸಿನಿಮಾನೇ ಹೇಳುತ್ತೆ, ನಾವು ಆ ಹೊತ್ತಿಗೆ ಬೇರೆ ಏನೋ ನೋಡ್ತಾ ಇರ್ತೀವಿ ಅಷ್ಟೆ.

ಮೊದ್ಲು ಟೋಟೆಮ್ ನಿಯಮ ನೆನಪಿಸ್ಕೊಳ್ಳಿ, ಟೋಟೆಮ್ ಅಂದ್ರೆ ಕನಸಲ್ಲಿದೀವಾ ಅಂತ ಪರೀಕ್ಷೆ ಮಾಡೋಕೆ ಒಬ್ಬೊಬ್ಬರೂ ಇಟ್ಕೊಳ್ಳೋ ಚಿಕ್ಕ ವಸ್ತು. ಕಾಬ್‌ನ ಜೊತೆಗಾರ ಆರ್ಥರ್ ತನ್ನ ದಾಳ ತೋರಿಸಿ, ತಂಡಕ್ಕೆ ಹೊಸದಾಗಿ ಬಂದ ಅರಿಯಾಡ್ನಿಗೆ ಹೇಳೋದೇನು? ಅದರ ತೂಕ, ಅದು ಹೇಗೆ ಉರುಳುತ್ತೆ ಅನ್ನೋದು ನಿನಗೊಬ್ಬಳಿಗೇ ಗೊತ್ತಿರ್ಬೇಕು, ಆಗ ನೀನು ಬೇರೆಯವರ ಕನಸಲ್ಲಿಲ್ಲ ಅಂತ ಗೊತ್ತಾಗುತ್ತೆ ಅಂತ. ಬೇರೆಯವರ ಕನಸಲ್ಲಿ! ನಿನ್ನದೇ ಕನಸಲ್ಲಿ ನೀನಿದ್ರೆ ಆ ಗುಟ್ಟು ನಿನಗೇ ಗೊತ್ತಿರುತ್ತಲ್ಲ, ಹಾಗಾಗಿ ಟೋಟೆಮ್ ಅಲ್ಲಿ ಕೆಲಸಕ್ಕೆ ಬರಲ್ಲ. ಇನ್ನು ಕಾಬ್ ಹತ್ರ ಇರೋ ಬುಗುರಿ ಅವನದ್ದೇ ಅಲ್ಲ, ಅವನ ಹೆಂಡತಿ ಮಾಲ್‌ದು. ಅದು ಕನಸಲ್ಲಿ ಬೀಳಲ್ಲ ಅನ್ನೋ ನಿಯಮವನ್ನ ಅವನೇ ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳ್ತಾನೆ. ಮತ್ತೆ ಬುಗುರಿ ತಿರುಗಿ ಬೀಳುತ್ತೆ ಅನ್ನೋದು ಜಗತ್ತಿನಲ್ಲಿ ಎಲ್ಲರಿಗೂ ಗೊತ್ತಿರೋ ವಿಷ್ಯ, ಹಾಗಾಗಿ ಯಾರ ಕನಸಲ್ಲಾದ್ರೂ ಅದು ಬೀಳ್ಬಹುದು. ಸಾಕ್ಷಿಯಾಗಿ ಅದು ಮೊದಲಿಂದ್ಲೂ ದುರ್ಬಲ.

ಇದಕ್ಕಿಂತ ದೊಡ್ಡ ವಿಷ್ಯ ತಿಜೋರಿ ದೃಶ್ಯ. ಲಿಂಬೋ ಅನ್ನೋ ಕನಸಿನ ತಳದಲ್ಲಿ ಕಾಬ್ ಮತ್ತು ಮಾಲ್ ವರ್ಷಗಟ್ಲೆ ಬದುಕಿರ್ತಾರೆ, ಅದು ಕನಸು ಅನ್ನೋ ಸತ್ಯವನ್ನ ಮರೀಬೇಕು ಅಂತ ಮಾಲ್ ಆ ಬುಗುರಿನ ತಿಜೋರಿಯೊಳಗಿಟ್ಟು ಬೀಗ ಹಾಕಿರ್ತಾಳೆ. ಕಾಬ್ ತಿಜೋರಿ ತೆಗೆದಾಗ ಬುಗುರಿ ಹೇಗಿರುತ್ತೆ ಹೇಳಿ? ಅಡ್ಡ ಮಲಗಿರುತ್ತೆ. ಕನಸಿನ ಅತ್ಯಂತ ಆಳದ ಮಟ್ಟದಲ್ಲಿ ಬುಗುರಿ ಸುಮ್ನೆ ಮಲಗಿದೆ! ಅವನು ಅದನ್ನ ಎತ್ತಿ, ತಿರುಗಿಸಿ, ತಿರುಗ್ತಾ ಇರುವಾಗ್ಲೇ ತಿಜೋರಿ ಬಾಗಿಲು ಮುಚ್ತಾನೆ, ಅಲ್ಲಿಂದ "ಈ ಲೋಕ ನಿಜ ಅಲ್ಲ" ಅನ್ನೋ ಯೋಚನೆ ಮಾಲ್ ತಲೆಯೊಳಗೆ ಬೇರು ಬಿಡುತ್ತೆ, ಎಚ್ಚರ ಆದ್ಮೇಲೂ ಬಿಡಲ್ಲ, ಕೊನೆಗೆ ಅವಳ ಪ್ರಾಣಾನೇ ತಗೊಳುತ್ತೆ. ಇನ್‌ಸೆಪ್ಷನ್ ಅಂದ್ರೆ ಇನ್ನೊಬ್ಬರ ತಲೆಯೊಳಗೆ ಯೋಚನೆ ಬಿತ್ತೋದು, ಅದಕ್ಕೆ ಸಿನಿಮಾ ತೋರಿಸೋ ನಿಜವಾದ ಉದಾಹರಣೆ ಇದು, ಕಾಬ್ ತಂಡ ಗುರಿಯಿಡೋ ಫಿಶರ್ ಕಥೆ ಅಲ್ಲ.

ಈಗ ಕೊನೇ ಶಾಟ್‌ಗೆ ಬನ್ನಿ. ಕಾಬ್ ಊಟದ ಟೇಬಲ್ ಮೇಲೆ ಬುಗುರಿ ತಿರುಗಿಸ್ತಾನೆ, ಮಕ್ಕಳು ಈ ಕಡೆ ತಿರುಗ್ತಾರೆ, ಅವನು ಬುಗುರಿ ಬಿಟ್ಟು ಅವರ ಹತ್ರ ಹೋಗ್ಬಿಡ್ತಾನೆ. ಕ್ಯಾಮೆರಾ ಮಾತ್ರ ಅವನ ಜೊತೆ ಹೋಗಲ್ಲ. ವಾಪಸ್ ಟೇಬಲ್ ಕಡೆ ಸರಿದು ಬುಗುರಿ ಮೇಲೆ ನಿಲ್ಲುತ್ತೆ, ಬುಗುರಿ ಸ್ವಲ್ಪ ತೊನೆದಾಡಿದ ಹಾಗೆ ಆಗುತ್ತೆ, ಕಟ್, ಕಪ್ಪು. ಆ ಕೋಣೆಯಲ್ಲಿ ಆ ಕ್ಷಣ ಬುಗುರಿ ನೋಡ್ತಿರೋರು ಯಾರು? ಪಾತ್ರಗಳಲ್ಲಿ ಯಾರೂ ಇಲ್ಲ. ನಾವೊಬ್ಬರೇ. ತಿರುಗ್ತಿರೋ ಬುಗುರಿ ಒಳಗಿಟ್ಟು ಬಾಗಿಲು ಮುಚ್ಚೋದನ್ನ ಕಾಬ್ ಮಾಲ್‌ಗೆ ಮಾಡಿದ್ದ, ಅದನ್ನೇ ಸಿನಿಮಾ ಈಗ ನಮಗೆ ಮಾಡ್ತಿದೆ. ಕಟ್ ಟು ಬ್ಲ್ಯಾಕ್ ಇಲ್ಲಿ ತಿಜೋರಿ ಬಾಗಿಲು. ನನಗೆ ಈ ಶಾಟ್ ಇಷ್ಟೊಂದು ಇಷ್ಟ ಆಗೋಕೆ ಕಾರಣ ಇದೇ, ಒಗಟು ಇದೆ ಅಂತಲ್ಲ. ಇನ್ನೂ ಎರಡು ಸೆಕೆಂಡ್ ಬಿಟ್ಟು ಬುಗುರಿ ಬೀಳಿಸಿದ್ರೆ, ಅದು ಸಾಕ್ಷಿ ಅಲ್ಲದಿದ್ರೂ, ನೋಡೋರ ಅನುಮಾನ ಅಲ್ಲೇ ಸತ್ತುಹೋಗ್ತಿತ್ತು, ತೊನೆದಾಟ ಶುರುವಾಗೋ ಮೊದಲೇ ಕಟ್ ಮಾಡಿದ್ರೆ ಬರೀ ಕನಸು ಅಂತ ಓದ್ತಿದ್ವಿ. ಕಟ್ ಬಿದ್ದಿರೋ ಜಾಗ ಎರಡರ ಮಧ್ಯೆ, ಅಷ್ಟು ಅಳೆದು.

ಸರಿ, ಹಾಗಾದ್ರೆ ಕಾಬ್ ಮನೆಗೆ ಬಂದ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ ಅಂತ ಕೇಳ್ತೀರಿ. ಬುಗುರಿ ಬಿಟ್ಟು ಬೇರೆ ಗುರುತುಗಳಿವೆ. ಎಲ್ಲರೂ ಹೇಳೋದು ಉಂಗುರ: ಕನಸುಗಳಲ್ಲಿ ಕಾಬ್ ಎಡಗೈಯಲ್ಲಿ ಮದುವೆ ಉಂಗುರ ಇರುತ್ತೆ, ಎಚ್ಚರದ ದೃಶ್ಯಗಳಲ್ಲಿ ಇರಲ್ಲ, ಕೊನೇಲಿ ವಿಮಾನ ನಿಲ್ದಾಣದಲ್ಲೂ ಕಾಣಲ್ಲ. ಎರಡನೇದು ಮಕ್ಕಳು. ನೆನಪಲ್ಲಿ, ಕನಸಲ್ಲಿ ಅವರ ಬೆನ್ನು ಮಾತ್ರ ಕಾಣೋದು, ಲಿಂಬೋದಲ್ಲಿ ಮಾಲ್ ಅವರನ್ನ ಕರೆದಾಗ ಕಾಬ್ ಬೇಕಂತ್ಲೇ ಮುಖ ತಿರುಗಿಸ್ಕೊಳ್ತಾನೆ, ಕೊನೆಗೆ ಮಾತ್ರ ಅವರ ಮುಖ ನೋಡ್ತಾನೆ. ಬಟ್ಟೆ ಒಂದೇ ಥರ ಇದೆಯಲ್ಲ, ಅದೇ ನೆನಪಿನ ಚಿತ್ರ ಅಲ್ವಾ ಅಂತ ವಾದ ಮಾಡೋರಿದ್ದಾರೆ. ಆದ್ರೆ ವಸ್ತ್ರವಿನ್ಯಾಸ ಮಾಡಿದ ಜೆಫ್ರಿ ಕರ್ಲೆಂಡ್ ಬಟ್ಟೆ ಬೇರೆ ಅಂತ ಹೇಳಿದ್ದಾರೆ, ಕ್ರೆಡಿಟ್ಸ್‌ನಲ್ಲೂ ಮಗ ಜೇಮ್ಸ್ ಪಾತ್ರಕ್ಕೆ 20 ತಿಂಗಳು ಮತ್ತು 3 ವರ್ಷ ಅಂತ ಎರಡು ಸಲ ಹೆಸರು ಬರುತ್ತೆ. ಅಂದ್ರೆ ಮಕ್ಕಳು ಬೆಳೆದಿದ್ದಾರೆ.

ಇಲ್ಲಿ ಒಂದು ಎಚ್ಚರ ಬೇಕು, ಚರ್ಚೆ ಹಳ್ಳ ಹಿಡಿಯೋದು ಇಲ್ಲೇ. ಈ ಗುರುತುಗಳೆಲ್ಲ ಸಾಬೀತು ಮಾಡೋದು ಇಷ್ಟು ಮಾತ್ರ: ಕೊನೇ ದೃಶ್ಯ ಲಿಂಬೋ ಅಲ್ಲ, ಅದು ಸಿನಿಮಾ ಮೊದಲಿಂದ ಯಾವ ಮಟ್ಟವನ್ನ ಎಚ್ಚರ ಅಂತ ತೋರಿಸ್ತಾ ಬಂದಿದೆಯೋ ಅದೇ ಮಟ್ಟ. ಆ ಎಚ್ಚರವೇ ನಿಜವಾದ ಎಚ್ಚರವಾ ಅನ್ನೋದು ಬೇರೇನೇ ಪ್ರಶ್ನೆ. ಉಂಗುರ ಆ ಎರಡನೇ ಪ್ರಶ್ನೆಗೆ ಉತ್ತರ ಕೊಡಲ್ಲ, ಯಾಕಂದ್ರೆ ಎಚ್ಚರ ಅಂತ ಕಾಬ್ ನಂಬಿರೋ ಕಡೆ ಉಂಗುರ ಇಲ್ಲ ಅಂತ ಮಾತ್ರ ಅದು ಹೇಳೋದು. ಒಬ್ಬರು ಮೊದಲ ಪ್ರಶ್ನೆಗೆ ಉತ್ತರ ಕೊಡ್ತಿರ್ತಾರೆ, ಇನ್ನೊಬ್ಬರು ಎರಡನೇದಕ್ಕೆ, ಇಬ್ಬರೂ ಒಂದೇ ವಿಷ್ಯಕ್ಕೆ ಜಗಳ ಆಡ್ತಿದೀವಿ ಅಂದ್ಕೊಂಡಿರ್ತಾರೆ.

"ಇಡೀ ಸಿನಿಮಾನೇ ಕನಸು" ಅನ್ನೋ ವಾದವನ್ನ ನಾನು ತಳ್ಳಿಹಾಕಲ್ಲ, ಅದರ ಬಲವಾದ ರೂಪ ನಿಜವಾಗ್ಲೂ ಬಲವಾಗಿದೆ. ಲಿಂಬೋದಲ್ಲಿ ಮಾಲ್ ಕಾಬ್‌ಗೆ ಕೇಳೋದು ನೆನಪಿದೆಯಾ: ಹೆಸರಿಲ್ಲದ ಕಂಪನಿಗಳು, ಪೊಲೀಸರು ಲೋಕದ ಉದ್ದಗಲಕ್ಕೂ ನಿನ್ನ ಅಟ್ಟಿಸ್ಕೊಂಡು ಬರ್ತಾರಲ್ಲ, ಕನಸಿನೊಳಗಿನ ಜನ ಕನಸು ಕಾಣೋನ ಮೇಲೆ ಬೀಳೋದೂ ಹೀಗೇ ಅಲ್ವಾ ಅಂತ. ಮೊಂಬಾಸಾ ಓಟದಲ್ಲಿ ಗೋಡೆಗಳು ಕಿರಿದಾಗ್ತಾ ಬಂದು ಅವನು ಮಧ್ಯೆ ಸಿಕ್ಕಿಹಾಕ್ಕೊಳ್ಳೋದು, ಅವನಿಗೆ ಕೆಲಸ ಕೊಟ್ಟ ಉದ್ಯಮಿ ಸೈಟೋ ಸರಿಯಾಗಿ ಅದೇ ಹೊತ್ತಿಗೆ ಕಾರ್ ತಗೊಂಡು ಬಂದು ನಿಲ್ಲೋದು, ಇವೂ ಕನಸಿನ ಲಕ್ಷಣಾನೇ. ಅದಾದ್ಮೇಲೆ ಯೂಸುಫ್ ಅನ್ನೋನ ನಿದ್ದೆ ಔಷಧಿ ಪರೀಕ್ಷೆ ಮಾಡಿ ಎದ್ದ ಕಾಬ್ ಬಾತ್‌ರೂಮಲ್ಲಿ ಬುಗುರಿ ತಿರುಗಿಸೋಕೆ ಹೋಗ್ತಾನೆ, ಅದು ಕೈಜಾರಿ ಕೆಳಗೆ ಬೀಳುತ್ತೆ, ಸೈಟೋ ಬಂದ್ಬಿಡ್ತಾನೆ, ಪರೀಕ್ಷೆ ಪೂರ್ತಿ ಆಗೋದೇ ಇಲ್ಲ. ಇದನ್ನ ಸುಮ್ನೆ ಹಾಕಿಲ್ಲ ಅಂತ ನನಗೂ ಅನ್ಸುತ್ತೆ.

ಆದ್ರೂ ನಾನು ಆ ಕಡೆ ಹೋಗಲ್ಲ. ಆ ವಾದವನ್ನ ತಪ್ಪು ಅಂತ ತೋರಿಸೋಕೆ ಏನು ಬೇಕು ಅಂತ ಕೇಳಿದ್ರೆ ಉತ್ತರ ಸಿಗಲ್ಲ. ಉಂಗುರ ತೋರಿಸಿದ್ರೆ ಅದೂ ಕನಸಿನ ಭಾಗ, ಮಕ್ಕಳ ಮುಖ ತೋರಿಸಿದ್ರೆ ಅದೂ ಕನಸು, ಬುಗುರಿ ಬಿದ್ರೂ ಕನಸು. ಎಲ್ಲವನ್ನೂ ನುಂಗೋ ವ್ಯಾಖ್ಯಾನ ಸಿನಿಮಾದ ಒಂದೊಂದು ಆಯ್ಕೆಗೂ ಬೆಲೆ ಇಲ್ಲದ ಹಾಗೆ ಮಾಡ್ಬಿಡುತ್ತೆ. ಉಂಗುರವನ್ನ ಅಷ್ಟು ಜೋಪಾನವಾಗಿ ಯಾಕೆ ಹಾಕಿ ತೆಗೆದ್ರು, ಮಕ್ಕಳ ಮುಖವನ್ನ ಕೊನೆವರೆಗೂ ಯಾಕೆ ಮುಚ್ಚಿಟ್ರು ಅನ್ನೋದಕ್ಕೆ ಅದರ ಹತ್ರ ವಿವರಣೆ ಇಲ್ಲ. ಮನೆಗೆ ಬಂದ ಅನ್ನೋ ಓದಿನ ಹತ್ರ ಇದೆ: ಮಾಲ್ ಸಾವಿನ ತಪ್ಪನ್ನ ಒಪ್ಕೊಂಡು ಅವಳನ್ನ ಬಿಟ್ಟುಕೊಟ್ಟ ಮೇಲೇನೇ ಅವನಿಗೆ ಮುಖಗಳು ಕಾಣೋದು.

ಅದಕ್ಕೂ ಒಂದು ತೂತು ಇದೆ, ಅದನ್ನೂ ಹೇಳ್ಬೇಕು. ಲಿಂಬೋದಲ್ಲಿ ಮುದುಕ ಸೈಟೋ ಬಂದೂಕಿನ ಮೇಲೆ ಕೈ ಇಡ್ತಾನೆ, ಮುಂದಿನ ಶಾಟಲ್ಲಿ ಕಾಬ್ ವಿಮಾನದಲ್ಲಿ ಕಣ್ಣು ಬಿಡ್ತಾನೆ. ಇಬ್ಬರೂ ಹೇಗೆ ಹೊರಬಂದ್ರು ಅನ್ನೋದನ್ನ ತೋರಿಸಲ್ಲ. ಕೊನೇ ದೃಶ್ಯ ಲಿಂಬೋನೇ ಅಂತ ವಾದ ಮಾಡೋರು ಬುಗುರಿ ಬಿಟ್ಟು ಈ ಕಟ್ ಹಿಡ್ಕೊಂಡ್ರೆ ಅವರ ಮಾತಿಗೆ ಜಾಸ್ತಿ ತೂಕ ಬರುತ್ತೆ.

ನಿರ್ದೇಶಕರನ್ನೇ ಕೇಳಿದ್ರಾಯ್ತಲ್ಲ ಅಂತಾರೆ. ಕೇಳಿದ್ದಾರೆ. 2015ರಲ್ಲಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳ ಮುಂದೆ ನೋಲನ್ ಹೇಳಿದ್ದು, ಕಾಬ್ ಮಕ್ಕಳ ಜೊತೆ ತನ್ನದೇ ವಾಸ್ತವದಲ್ಲಿದ್ದಾನೆ, ಬುಗುರಿ ಏನಾಯ್ತು ಅಂತ ಅವನಿಗೆ ಬೇಕಾಗೇ ಇಲ್ಲ ಅಂತ. ಅದಕ್ಕೂ ಮೀರಿ, 2018ರಲ್ಲಿ, ಕಾಬ್‌ನ ಮಾವನ ಪಾತ್ರ ಮಾಡಿದ ಮೈಕಲ್ ಕೇನ್ ಒಂದು ವಿಷ್ಯ ಹೇಳಿದ್ರು: ಸ್ಕ್ರಿಪ್ಟ್ ಓದಿ ಕನಸು ಯಾವುದು ನಿಜ ಯಾವುದು ಗೊತ್ತಾಗ್ತಿಲ್ಲ ಅಂದಾಗ, ನೀವಿರೋ ದೃಶ್ಯ ನಿಜ ಅಂತ ನೋಲನ್ ಹೇಳಿದ್ರಂತೆ. ಕೇನ್ ಕೊನೇ ದೃಶ್ಯದಲ್ಲಿದ್ದಾರೆ, ಹಾಗಾಗಿ ಕೇಸ್ ಮುಗೀತು ಅಂತ ತುಂಬಾ ಜನ ಬರೆದ್ರು. ನನ್ನ ಪ್ರಕಾರ ಅದು ಒಬ್ಬ ನಟನಿಗೆ ಸೆಟ್‌ನಲ್ಲಿ ಹೇಗೆ ಅಭಿನಯಿಸ್ಬೇಕು ಅಂತ ಕೊಟ್ಟ ಸೂಚನೆ, ನಿಜ ಅಂದ್ಕೊಂಡು ಮಾಡಿ ಅಂತ. ಅದು ನನ್ನ ಓದಿಗೆ ಅನುಕೂಲಾನೇ, ಆದ್ರೂ ಸ್ಕ್ರೀನ್ ಮೇಲೆ ಇರೋದರ ಜಾಗಕ್ಕೆ ಅದನ್ನ ತಂದು ಕೂರಿಸಲ್ಲ. 2015ರ ಮಾತಿಗೆ ಮಾತ್ರ ಬೇರೆ ತೂಕ ಕೊಡ್ತೀನಿ, ಯಾಕಂದ್ರೆ ಅದನ್ನ ನೋಲನ್ ಹೇಳದೇ ಇದ್ರೂ ಶಾಟಲ್ಲೇ ಕಾಣುತ್ತೆ: ಸಿನಿಮಾ ಪೂರ್ತಿ ಬುಗುರಿ ಬೀಳೋವರೆಗೂ ಕಣ್ಣು ಕೀಳದೆ ಕೂತಿರ್ತಿದ್ದ ಮನುಷ್ಯ, ಒಂದು ಸಲ ಬಂದೂಕು ಪಕ್ಕದಲ್ಲಿಟ್ಕೊಂಡು ಕಾದಿದ್ದ ಮನುಷ್ಯ, ಈಗ ತಿರುಗಿಸಿ ಹಿಂದೆ ನೋಡದೆ ಹೋಗ್ತಾನೆ.

ಬೇರೆ ಸಿನಿಮಾ ಹೀಗೆ ಕಪ್ಪಲ್ಲಿ ಮುಗಿದಾಗ್ಲೂ ನಾನು ಮೊದ್ಲು ನೋಡೋದು ಇದನ್ನೇ. ಕೊನೇ ಫ್ರೇಮ್ ಯಾರ ಕಣ್ಣಿಂದ ಕಾಣ್ತಿದೆ, ಪಾತ್ರದ್ದಾ ನಮ್ಮದಾ? ಕಟ್ ಆದ ಆ ಕೆಲಸವನ್ನ ಸಿನಿಮಾ ಮೊದಲೆಲ್ಲಾದ್ರೂ ಪೂರ್ತಿ ಮಾಡಿ ತೋರಿಸಿತ್ತಾ? ತೋರಿಸಿದ್ರೆ ಹಿಂದಿನ ಆ ದೃಶ್ಯಕ್ಕೆ ವಾಪಸ್ ಹೋಗಿ ಹೋಲಿಸ್ಬಹುದು, ಇಲ್ಲಿ ತಿಜೋರಿಗೆ ಹೋದ ಹಾಗೆ. ಹೋಗೋಕೆ ಅಂಥ ಜಾಗಾನೇ ಇಲ್ಲ ಅಂದ್ರೆ, ಎರಡು ಗಂಟೆ ಕಥೆಯಲ್ಲಿ ಎಲ್ಲೂ ಬರದೇ ಇದ್ದ ಅನುಮಾನವನ್ನ ಕೊನೇ ನಿಮಿಷದಲ್ಲಿ ತಂದು ಅಂಟಿಸಿದ್ದಾರೆ ಅಂತಲೇ ಓದ್ತೀನಿ, ಅಂಥ ಕೊನೆ ಮೇಲೆ ಥಿಯರಿ ಕಟ್ಟೋಕೆ ಹೋಗಲ್ಲ.