‘ತಿಳಿಹನಿ’ಗೆ ಎಷ್ಟು ಸ್ಪೆಲ್ಲಿಂಗ್?

ತಿಪಟೂರಿನಲ್ಲಿ ಮರದ ಗಾಣ ಹಾಕಿ ಕೊಬ್ಬರಿ ಎಣ್ಣೆ ತೆಗೆಯುವ ಅಕ್ಕ, ಬಾಟಲಿಗೆ ತುಂಬಿ ಆನ್‌ಲೈನ್‌ನಲ್ಲಿ ಮಾರುವ ಯೋಚನೆ ಮಾಡಿದಾಗ ‘ತಿಳಿಹನಿ’ ಎಂಬ ಹೆಸರು ಎಲ್ಲರಿಗೂ ಹಿಡಿಸಿತ್ತು. ವೆಬ್‌ಸೈಟ್‌ ವಿಳಾಸ ಖಾಲಿ ಇತ್ತು. ಕಂಪನಿ ಹೆಸರಿಗೂ ಒಪ್ಪಿಗೆ ಬಂದಿತ್ತು. “ಸರ್ಕಾರವೇ ಪಾಸ್‌ ಮಾಡಿದೆಯಲ್ಲೋ, ಇನ್ನೇನು ನೋಡೋದು? ಲೇಬಲ್‌ ಪ್ರಿಂಟಿಗೆ ಕೊಟ್ಟುಬಿಡು” ಅಂದಳು ಅಕ್ಕ.

ಬಹಳ ಜನ ನಿಲ್ಲುವುದು ಇಲ್ಲೇ. ಕಂಪನಿ ನೋಂದಣಿಯವರು ಮುಖ್ಯವಾಗಿ ನೋಡುವುದು ಅದೇ ಹೆಸರಿನ ಇನ್ನೊಂದು ಕಂಪನಿ ಇದೆಯೇ ಎಂದು. ಬಾಟಲಿಯ ಮೇಲೆ ಆ ಹೆಸರು ಹಾಕಿ ಮಾರುವ ಹಕ್ಕು ಯಾರದು ಎನ್ನುವುದು ಟ್ರೇಡ್‌ಮಾರ್ಕ್‌ ಕಾನೂನಿನ ಪ್ರಶ್ನೆ, ಅದರ ಕಡತವೇ ಬೇರೆ. ಹಾಗಾಗಿ ಟ್ರೇಡ್‌ಮಾರ್ಕ್‌ ಇಲಾಖೆಯ ಸಾರ್ವಜನಿಕ ಹುಡುಕಾಟದ ಪುಟ ತೆರೆದು ಕೂತೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಅಲ್ಲಿ ಹೆಸರಿನ ಜೊತೆ ವರ್ಗದ ಸಂಖ್ಯೆಯನ್ನೂ ಕೊಡಬೇಕು. ಸರಕು, ಸೇವೆಗಳನ್ನೆಲ್ಲ 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಅಡುಗೆ ಎಣ್ಣೆ 29ನೇ ವರ್ಗ. ಆದರೆ ಕೊಬ್ಬರಿ ಎಣ್ಣೆಯನ್ನು ಒಗ್ಗರಣೆಗೂ ಹಾಕುತ್ತಾರೆ, ತಲೆಗೂ ಹಚ್ಚುತ್ತಾರೆ. ತಲೆಗೆ ಹಚ್ಚುವ ಎಣ್ಣೆ 3ನೇ ವರ್ಗಕ್ಕೆ ಸೇರುತ್ತದೆ, ಅಂಗಡಿ ನಡೆಸುವ ಸೇವೆ 35ಕ್ಕೆ. ಮೂರನ್ನೂ ನೋಡದೆ ಇದ್ದರೆ ನೋಡಿದ್ದು ಅರ್ಧ ಮಾತ್ರ.

29ರಲ್ಲಿ Tilihani ಎಂದು ಹಾಕಿದರೆ ಏನೂ ಬರಲಿಲ್ಲ. ಅಷ್ಟಕ್ಕೇ ಸಮಾಧಾನಪಡುವ ಹಾಗಿಲ್ಲ. ನಮ್ಮಲ್ಲಿ ‘ತಿ’ಯನ್ನು ಒಬ್ಬರು ti ಎಂದರೆ ಇನ್ನೊಬ್ಬರು thi ಎಂದು ಬರೆಯುತ್ತಾರೆ, ‘ಳಿ’ಗೆ li, lli ಎರಡೂ ನಡೆಯುತ್ತದೆ. Start With ಆಯ್ಕೆಯಲ್ಲಿ Tili ಎಂದು ಹಾಕಿದರೆ Thili ಎಂದು ಶುರುವಾಗುವ ಹೆಸರು ಕಣ್ಣಿಗೇ ಬೀಳುವುದಿಲ್ಲ. ಉಚ್ಚಾರದ ಮೇಲೆ ಹುಡುಕಲು Phonetic ಎಂಬ ಆಯ್ಕೆ ಇದೆ, ಆದರೆ ಕನ್ನಡದ ಕಿವಿ ಅದಕ್ಕಿಲ್ಲ. ಅದನ್ನು ನೆಚ್ಚಿಕೊಳ್ಳದೆ ಎಲ್ಲ ಸ್ಪೆಲ್ಲಿಂಗ್‌ಗಳನ್ನೂ ಹಾಳೆಯ ಮೇಲೆ ಬರೆದುಕೊಂಡೆ. ಆಮೇಲೆ Contains ಆಯ್ಕೆಗೆ ಬಂದು ಹೆಸರಿನ ಬಾಲವನ್ನಷ್ಟೇ, hani ಎಂದು, ಹಾಕಿದೆ.

ಆಗ ಸಿಕ್ಕಿತು. ನಮ್ಮದೇ ಹೆಸರು, th ಹಾಕಿ ಬರೆದದ್ದು, ವರ್ಗ 29, ಸರಕು ಖಾದ್ಯ ತೈಲ. ಸ್ಥಿತಿಯ ಜಾಗದಲ್ಲಿ Objected ಎಂದಿತ್ತು.

ಅಕ್ಕನಿಗೆ ಖುಷಿಯಾಯಿತು. “ಆಕ್ಷೇಪಣೆ ಅಂದ್ರೆ ಅವರಿಗೆ ಸಿಗಲಿಲ್ಲ ಅಂತ ತಾನೇ?” ಅಲ್ಲ. ಪರೀಕ್ಷಕರು ಪ್ರಶ್ನೆ ಎತ್ತಿದ್ದಾರೆ, ಅರ್ಜಿ ಇನ್ನೂ ಜೀವಂತ ಇದೆ ಎಂದಷ್ಟೇ ಅದರರ್ಥ. ತಿರಸ್ಕಾರವಾದರೆ Refused, ಕೈಬಿಟ್ಟರೆ Abandoned ಎಂದಿರುತ್ತದೆ. ಕಡತ ತೆರೆದರೆ ಪರೀಕ್ಷಾ ವರದಿ, ಅದಕ್ಕೆ ಅರ್ಜಿದಾರರು ಕೊಟ್ಟ ಉತ್ತರ ಎರಡೂ ಓದಲು ಸಿಗುತ್ತವೆ. ನಾನು ಎಲ್ಲಕ್ಕಿಂತ ಮೊದಲು ನೋಡಿದ್ದು ಬಳಕೆಯ ದಿನಾಂಕ: ಅವರು 2016ರಿಂದಲೇ ಆ ಹೆಸರಿನಲ್ಲಿ ಮಾರುತ್ತಿರುವುದಾಗಿ ಹೇಳಿಕೊಂಡಿದ್ದರು. ನಮ್ಮ ದೇಶದಲ್ಲಿ ಇದರ ತೂಕ ದೊಡ್ಡದು. 1999ರ ಟ್ರೇಡ್‌ಮಾರ್ಕ್‌ ಕಾಯ್ದೆಯ 34ನೇ ಸೆಕ್ಷನ್‌ ಮೊದಲಿನಿಂದ ಬಳಸುತ್ತ ಬಂದವರನ್ನು ಕಾಪಾಡುತ್ತದೆ. ನಾಳೆ ನಮಗೇ ನೋಂದಣಿ ಸಿಕ್ಕಿದರೂ ಅವರನ್ನು ನಿಲ್ಲಿಸಲು ನಮಗೆ ಆಗುವುದಿಲ್ಲ, ಬಳಕೆಯನ್ನು ಸಾಬೀತು ಮಾಡಿದರೆ ಅವರೇ ನಮ್ಮನ್ನು ನಿಲ್ಲಿಸಬಹುದು.

“ಹಾಗಾದ್ರೆ ನಂದಿನಿ ಹಾಲೂ ಇದೆ, ನಂದಿನಿ ಹೋಟೆಲೂ ಇದೆಯಲ್ಲ?” ಎಂದಳು. ನ್ಯಾಯವಾದ ಪ್ರಶ್ನೆ. ಕೆಎಂಎಫ್‌ 1985ರಿಂದ ‘ನಂದಿನಿ’ ಹೆಸರು ಬಳಸುತ್ತಿತ್ತು, ‘ನಂದಿನಿ ಡೀಲಕ್ಸ್‌’ ಹೋಟೆಲಿನವರು 1989ರಿಂದ. ಈ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2018ರಲ್ಲಿ ಹೋಟೆಲಿನವರ ಪರವಾಗಿ ತೀರ್ಪು ಬಂತು. ಆದರೆ ಅಲ್ಲಿ ಸರಕು ಬೇರೆ, ಚಿತ್ರ ಬೇರೆ, ಒಟ್ಟು ನೋಟವೂ ಬೇರೆ. ಜೊತೆಗೆ ನಂದಿನಿ ದೇವಿಯ ಹೆಸರು, ಯಾರೋ ಹೊಸದಾಗಿ ಕಟ್ಟಿದ ಪದವಲ್ಲ. ಹಾಲು, ಹಾಲಿನ ಉತ್ಪನ್ನಗಳಿಗೆ ಮಾತ್ರ ಹೋಟೆಲಿನವರಿಗೆ ಆ ಹೆಸರು ಸಿಗಲಿಲ್ಲ. ನಮ್ಮ ಎದುರಿಗಿದ್ದದ್ದು ಅದೇ ಎಣ್ಣೆ, ಅದೇ ಗಿರಾಕಿ. ಇಂಥ ಕಡೆ ಕೋರ್ಟು ಎರಡು ಹೆಸರನ್ನು ಪಕ್ಕಪಕ್ಕ ಇಟ್ಟು ಅಕ್ಷರ ಎಣಿಸುವುದಿಲ್ಲ. ಹೆಸರನ್ನು ಅರೆಬರೆ ನೆನಪಿಟ್ಟುಕೊಂಡು ಅಂಗಡಿಗೆ ಬಂದವರು ಮೋಸ ಹೋಗುತ್ತಾರೆಯೇ ಎಂದು ನೋಡುತ್ತದೆ. h ಒಂದನ್ನು ಬಿಟ್ಟ ಮಾತ್ರಕ್ಕೆ ಆ ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಫೋನಿನಲ್ಲಿ ಕೇಳಿದರಂತೂ ಎರಡೂ ಒಂದೇ.

ಅಕ್ಕ ಬೇಜಾರಿನಲ್ಲೇ ಹೆಸರು ಕೈಬಿಟ್ಟಳು. ಮುಂದೆ ‘ಶುದ್ಧ ಗಾಣ’ ಎಂದಳು, ನಾನು ಒಪ್ಪಲಿಲ್ಲ. ಸರಕಿನ ಗುಣವನ್ನೇ ಹೇಳುವ ಹೆಸರನ್ನು 9ನೇ ಸೆಕ್ಷನ್‌ ಅಡಿ ಇಲಾಖೆಯೇ ತಡೆಯುತ್ತದೆ, ಸಿಕ್ಕರೂ ಬೇರೆ ಗಾಣದವರು ಅದೇ ಮಾತು ಬಳಸುವುದನ್ನು ತಡೆಯಲಾಗದು.

ಕೊನೆಗೆ ಒಪ್ಪಿದ ಹೆಸರನ್ನು ಅಕ್ಕ ಜೋರಾಗಿ ಹೇಳುತ್ತ ಹೋದಳು, ನಾನು ಕಿವಿಗೆ ಬಿದ್ದಂತೆ ಒಂದೊಂದೇ ಸ್ಪೆಲ್ಲಿಂಗ್‌ ಹಾಕಿ ಮೂರೂ ವರ್ಗಗಳಲ್ಲಿ ನೋಡಿದೆ. ಹತ್ತಿರದ್ದು ಯಾವುದೂ ಬರಲಿಲ್ಲ. ನೋಂದಾಯಿಸದೆಯೇ ಹೆಸರು ಬಳಸುವವರೂ ಇರುತ್ತಾರಲ್ಲ, ಅವರಿಗಾಗಿ ಆನ್‌ಲೈನ್‌ ಅಂಗಡಿಗಳಲ್ಲೂ ಇನ್‌ಸ್ಟಾಗ್ರಾಂನಲ್ಲೂ ಹುಡುಕಿದೆವು. ಸಣ್ಣ ಉದ್ದಿಮೆಯ ಉದ್ಯಮ್‌ ಪ್ರಮಾಣಪತ್ರ ಇದ್ದದ್ದರಿಂದ ವರ್ಗಕ್ಕೆ 9,000ದ ಬದಲು 4,500 ರೂಪಾಯಿ ಶುಲ್ಕ. 29ಕ್ಕೂ 3ಕ್ಕೂ ಅರ್ಜಿ ಹಾಕಿದೆವು, 35ನ್ನು ಸದ್ಯಕ್ಕೆ ಬಿಟ್ಟೆವು. ಅರ್ಜಿ ಇಲಾಖೆಯದೇ ಟ್ರೇಡ್‌ಮಾರ್ಕ್‌ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಯಾರಾದರೂ ವಿರೋಧಿಸಲು ನಾಲ್ಕು ತಿಂಗಳ ಅವಕಾಶ ಇರುತ್ತದೆ. ನೋಂದಣಿ ಆಗುವವರೆಗೆ ® ಹಾಕುವುದು ಕಾನೂನಿಗೆ ವಿರುದ್ಧ, ಹಾಗಾಗಿ ಲೇಬಲ್‌ನಲ್ಲಿ ™ ಮಾತ್ರ ಇರಲಿ ಎಂದು ಪ್ರಿಂಟಿನವರಿಗೆ ಹೇಳಿದ್ದೇವೆ.