ರೇಷ್ಮೆ ರವಿಕೆಯ ಕಂಕುಳಿಗೆ ಒಂದು ಹತ್ತಿಯ ಕಾವಲು

"ಮೇ ತಿಂಗಳಲ್ಲಿ ಮಗಳ ಮದುವೆ ಅಕ್ಕ. ರೇಷ್ಮೆ ರವಿಕೆಯ ಕಂಕುಳಲ್ಲಿ ಬೆವರಿನ ಕಲೆ ಆಗದ ಹಾಗೆ ಏನು ಮಾಡುವುದು? ಹುಡುಗ ಆರತಕ್ಷತೆಗೆ ಶೇರ್ವಾನಿ ಹಾಕುತ್ತಾನಂತೆ, ಅವನಿಗೂ ಏನಾದರೂ ಹೇಳಿ."

ಬೆವರು ರೇಷ್ಮೆಯನ್ನು ಮುಟ್ಟುವ ಮೊದಲೇ ಅದನ್ನು ಹತ್ತಿಯಲ್ಲಿ ಹಿಡಿಯಬೇಕು, ಒದ್ದೆಯಾದ ಆ ಹತ್ತಿಯನ್ನು ಮದುವೆಯ ನಡುವೆಯೇ ಬದಲಾಯಿಸಬೇಕು, ಅಂದಿನ ರಾತ್ರಿ ಬಟ್ಟೆಯನ್ನು ಮಡಿಸಿಡದೆ ಗಾಳಿಗೆ ತೂಗುಹಾಕಬೇಕು. ಹಾಸನದಲ್ಲಿ ಮದುವೆಯ ರವಿಕೆಗಳನ್ನು ಹೊಲಿಯುವ ನಾನು ಪ್ರತಿ ಬೇಸಿಗೆಯಲ್ಲೂ ಹೇಳುವುದು ಈ ಮೂರನ್ನೇ. ಇವುಗಳಲ್ಲಿ ಯಾವ ಒಂದನ್ನು ಬಿಟ್ಟರೂ ಉಳಿದೆರಡರ ಶ್ರಮ ಬಹುಮಟ್ಟಿಗೆ ವ್ಯರ್ಥವಾಗುವುದನ್ನು ಕಂಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ರೇಷ್ಮೆ ನಮ್ಮ ಕೂದಲಿನಂತೆಯೇ ಪ್ರೋಟೀನಿನಿಂದಾದ ಎಳೆ. ಅದಕ್ಕೆ ಸಾಬೂನು, ಸೋಡಾದಂತಹ ಕ್ಷಾರ ಪದಾರ್ಥಗಳು ಆಗಿಬರುವುದಿಲ್ಲ. ಆಗತಾನೆ ಬಂದ ಬೆವರು ತುಸು ಆಮ್ಲೀಯವಾಗಿದ್ದರೂ, ಬಟ್ಟೆಯಲ್ಲಿ ಉಳಿದು ಸೂಕ್ಷ್ಮಜೀವಿಗಳ ಪಾಲಾದಂತೆ ನಿಧಾನವಾಗಿ ಕ್ಷಾರದ ಕಡೆಗೆ ತಿರುಗುತ್ತದೆ. ಅದರಲ್ಲಿರುವ ಉಪ್ಪೂ ಎಳೆಯಲ್ಲಿಯೇ ಉಳಿದು ಅದನ್ನು ಬಿರುಸಾಗಿಸುತ್ತದೆ, ಬಣ್ಣವನ್ನು ಸಡಿಲಗೊಳಿಸುತ್ತದೆ. ಆದ್ದರಿಂದಲೇ ಮಂಟಪದಲ್ಲಿ ಕಂಡ ಒದ್ದೆ ಗುರುತು ಸಂಜೆಗೆ ಒಣಗಿ ಮಾಯವಾದಂತೆ ತೋರಿದರೂ, ಆರು ತಿಂಗಳ ನಂತರ ಬೀರು ತೆರೆದಾಗ ಅದೇ ಜಾಗದಲ್ಲಿ ಹಳದಿಯಾದ, ಒರಟಾದ ಅರ್ಧಚಂದ್ರವೊಂದು ಎದುರಾಗುತ್ತದೆ. ಬಟ್ಟೆಯನ್ನು ನಿಜವಾಗಿ ಕೆಡಿಸುವುದು ಮದುವೆಯ ನಾಲ್ಕು ಗಂಟೆಗಳಿಗಿಂತ ಹೆಚ್ಚಾಗಿ ಬೀರುವಿನೊಳಗಿನ ಆ ಆರು ತಿಂಗಳುಗಳು.

ಇದರ ಜೊತೆಗೆ ರೇಷ್ಮೆಗೆ ತೇವವನ್ನು ಹೀರುವ ಗುಣವೂ ಬಹಳ. ಸಾಧಾರಣ ಹವೆಯಲ್ಲಿಯೇ 100 ಗ್ರಾಂ ಒಣ ರೇಷ್ಮೆ ಸುಮಾರು 11 ಗ್ರಾಂ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತಿ ಸುಮಾರು 8 ಗ್ರಾಂ ಹಿಡಿದರೆ ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹಿಡಿಯುವುದಿಲ್ಲ. ಜಾರುತ್ತದೆ, ಮಿನುಗುತ್ತದೆ ಎಂದು ರೇಷ್ಮೆಯ ಒಳಗೆ ಪಾಲಿಯೆಸ್ಟರ್ ಲೈನಿಂಗ್ ಕೊಡಿಸಿದರೆ, ಅದು ತಾನು ಬೆವರನ್ನು ಕುಡಿಯದೆ ಹೊಲಿಗೆಯ ಸಂದುಗಳ ಮೂಲಕ ಹೊರಗಿನ ರೇಷ್ಮೆಗೆ ದಾಟಿಸಿಬಿಡುತ್ತದೆ, ರೇಷ್ಮೆ ಅದನ್ನು ಸಂತೋಷದಿಂದಲೇ ಹೀರಿಕೊಳ್ಳುತ್ತದೆ. ಮೈಗೆ ಅಂಟುವ ಸೆಕೆಯೂ ಅದೇ ಲೈನಿಂಗಿನದು.

ಕಳೆದ ಮೇ ತಿಂಗಳಲ್ಲಿ ನಾನು ಹೊಲಿದ ಒಂದು ರವಿಕೆಯ ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಹತ್ತೂವರೆಗೆ ಮುಹೂರ್ತ, ಹಾಸನದ್ದೇ ಒಂದು ಛತ್ರ. ನಮ್ಮಲ್ಲಿ ಬೆಳಗಿನ ಜಾವ ತಂಪಾಗಿರುವುದರಿಂದ ಅನೇಕರಿಗೆ ಭಯವೇ ಇರುವುದಿಲ್ಲ, ಆದರೆ ಹಿಂದಿನ ಸಂಜೆ ಮಳೆ ಬಂದಿದ್ದರೆ ಮರುದಿನ ಹನ್ನೊಂದರ ಹೊತ್ತಿಗೆ ಗಾಳಿ ಭಾರವಾಗಿ, ಹೋಮದ ಬಿಸಿಯೂ ಸೇರಿ, ಬಂದ ಬೆವರು ಆರುವುದೇ ಇಲ್ಲ. ಹುಡುಗಿಯ ಸೀರೆ ಹಸಿರು, ರವಿಕೆ ಕಡು ಕೆಂಪು. ಮೊದಲು ರವಿಕೆ ತುಂಡಿನ ಅಂಚಿನಲ್ಲಿ, ಹೊಲಿಗೆಯೊಳಗೆ ಹೋಗುವ ಜಾಗದಲ್ಲಿ, ಒದ್ದೆ ಮಾಡಿ ಹಿಂಡಿದ ಬಿಳಿ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದೆ. ಬಿಳಿ ಬಟ್ಟೆಯ ಮೇಲೆ ತೆಳುವಾದ ಗುಲಾಬಿ ಛಾಯೆ ಇಳಿಯಿತು. ಬಣ್ಣ ಬಿಡುವ ರೇಷ್ಮೆಯಲ್ಲಿ ಬೆವರು ಕಲೆ ಮಾಡುವುದಲ್ಲದೆ ಕಂಕುಳ ಬಣ್ಣವನ್ನೇ ಪಕ್ಕದ ಸೀರೆಯ ಸೆರಗಿಗೆ ಹತ್ತಿಸುವ ಅಪಾಯವಿರುತ್ತದೆ, ಹಾಗಾಗಿ ಈ ರವಿಕೆಗೆ ಇಡೀ ಹತ್ತಿಯ ಲೈನಿಂಗ್ ಮತ್ತು ಬದಲಾಯಿಸಬಹುದಾದ ಪ್ಯಾಡ್ ಎರಡೂ ಬೇಕೆಂದು ತೀರ್ಮಾನಿಸಿದೆ.

ಲೈನಿಂಗ್ ಬಟ್ಟೆಯನ್ನು ಅಂಗಡಿಯಿಂದ ತಂದಹಾಗೆಯೇ ಹೊಲಿಯಬಾರದು. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆ ಕತ್ತರಿಸಬೇಕು. ಇಲ್ಲವಾದರೆ ಮೊದಲ ಬೆವರಿಗೇ ಅದು ಕುಗ್ಗಿ, ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ನೆನೆಸಿದ ನೀರಿಗೆ ಬಣ್ಣ ಬಿಟ್ಟರೆ ಆ ಬಟ್ಟೆಯನ್ನು ಬದಿಗಿಟ್ಟು ಬೇರೆಯದನ್ನು ತರಬೇಕು, ಏಕೆಂದರೆ ಬಣ್ಣ ಬಿಡುವ ಲೈನಿಂಗಿನಿಂದ ಕಲೆ ಒಳಗಿನಿಂದಲೇ ಹುಟ್ಟುತ್ತದೆ. ಕಂಕುಳ ಸುತ್ತನ್ನು ಬಿಗಿಯಾಗಿ ಹಿಡಿಸುವ ಆಸೆಯನ್ನೂ ಬೇಸಿಗೆಯಲ್ಲಿ ಬಿಡಬೇಕು. ಕೈ ಇಳಿಬಿಟ್ಟಾಗ ಒಂದು ಬೆರಳು ಸರಾಗವಾಗಿ ಹೋಗುವಷ್ಟು ಸಡಿಲವಿದ್ದರೆ ಗಾಳಿ ಆಡುತ್ತದೆ, ಪ್ಯಾಡಿಗೂ ಜಾಗ ಸಿಗುತ್ತದೆ.

ಇನ್ನು ಪ್ಯಾಡಿನ ವಿಷಯ. ಅಂಗಡಿಯಲ್ಲಿ ಸಿಗುವ ಅಂಟಿಸುವ ಪ್ಯಾಡ್‌ಗಳಲ್ಲಿ ಹಲವಕ್ಕೆ ಹಿಂಬದಿಯಲ್ಲಿ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ರೇಷ್ಮೆಯನ್ನು ಕಾಪಾಡುವುದು ನಿಜವಾದರೂ ಆ ಜಾಗಕ್ಕೆ ಗಾಳಿ ತಾಗದೆ ಬೆವರು ಇನ್ನಷ್ಟು ಬರುತ್ತದೆ. ಒಂದು ಗಂಟೆ ಬಂದು ಹೋಗುವ ಅತಿಥಿಗೆ ಅದು ಸಾಕು, ನಾಲ್ಕೈದು ಗಂಟೆ ಕೂರುವ ಮದುಮಗಳಿಗೆ ಬಟ್ಟೆಯ ಪ್ಯಾಡೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಟಿಸುವುದನ್ನೇ ಬಳಸುವುದಾದರೆ ಲೈನಿಂಗಿಗೆ ಮಾತ್ರ ಅಂಟಿಸಬೇಕು, ಲೈನಿಂಗ್ ಇಲ್ಲದ ರೇಷ್ಮೆಗೆ ಅಂಟಿಸಿದರೆ ಅಂಟೇ ಬೇರೊಂದು ಕಲೆಯಾಗುತ್ತದೆ.

ನಾನು ಮಾಡುವ ಪ್ಯಾಡಿಗೆ ಮೂರು ಪದರ. ಮೈ ಕಡೆಗೆ ತೆಳುವಾದ ಮಲ್ ಬಟ್ಟೆ, ನಡುವೆ ಹಳೆಯ, ಚೆನ್ನಾಗಿ ತೊಳೆದು ಮೆತ್ತಗಾದ ಹತ್ತಿ ಟವೆಲ್ಲಿನ ತುಂಡು, ರೇಷ್ಮೆಯ ಕಡೆಗೆ ಒತ್ತಾಗಿ ನೇಯ್ದ ಪಾಪ್ಲಿನ್. ಇವುಗಳನ್ನು ಅರ್ಧಚಂದ್ರದ ಆಕಾರದಲ್ಲಿ, ಸುಮಾರು 5 ಇಂಚು ಅಗಲ ಮತ್ತು ಮಧ್ಯದಲ್ಲಿ 3 ಇಂಚು ಎತ್ತರವಿರುವಂತೆ ಕತ್ತರಿಸಿ ಎರಡು ಭಾಗ ಮಾಡುತ್ತೇನೆ. ಒಂದು ಭಾಗ ರವಿಕೆಯ ಮೈಯ ಕಡೆಗೆ, ಇನ್ನೊಂದು ತೋಳಿನ ಕಡೆಗೆ ಬರುತ್ತದೆ. ಎರಡನ್ನೂ ಒಳಬಾಗಿದ ಅಂಚಿನಲ್ಲಿ ಸೇರಿಸಿದರೆ ಕಂಕುಳ ಹೊಲಿಗೆಯ ಮೇಲೆ ಅದು ಸರಿಯಾಗಿ ಕೂರುತ್ತದೆ. ಟವೆಲ್ಲಿನ ಪದರ ಅಂಚಿನವರೆಗೆ ಬರಬಾರದು, ಕಾಲು ಇಂಚು ಒಳಗೇ ನಿಲ್ಲಬೇಕು, ಇಲ್ಲವಾದರೆ ಹೊರಗಿನಿಂದ ಗೆರೆ ಎದ್ದು ಕಾಣುತ್ತದೆ. ಲೈನಿಂಗಿನ ಹೊಲಿಗೆಯ ಮೇಲೆ ಪ್ರತಿ ಬದಿಗೆ ಎರಡು ಟಿಚ್ ಬಟನ್ ಇಟ್ಟರೆ ಒಂದು ನಿಮಿಷದಲ್ಲಿ ತೆಗೆದು ಹಾಕಬಹುದು. ಆ ಹುಡುಗಿಗೆ ಮೂರು ಜೊತೆ ಮಾಡಿಕೊಟ್ಟೆ. ಧಾರೆ ಮುಗಿದ ಮೇಲೆ ಒಮ್ಮೆ, ಊಟಕ್ಕೆ ಕೂರುವ ಮುನ್ನ ಇನ್ನೊಮ್ಮೆ ಬದಲಾಯಿಸಿದ್ದಾಗಿ ಅವಳ ಚಿಕ್ಕಮ್ಮ ಹೇಳಿದರು. ಮೊದಲ ಜೊತೆ ಹಿಂಡಿದರೆ ನೀರು ಬರುವಂತಿತ್ತಂತೆ. ರವಿಕೆಯನ್ನು ಮರುದಿನ ನಾನೇ ತಿರುಗಿಸಿ ನೋಡಿದೆ, ಲೈನಿಂಗ್ ಸ್ವಲ್ಪ ತೇವವಾಗಿದ್ದ ಗುರುತು ಬಿಟ್ಟರೆ ರೇಷ್ಮೆಯಲ್ಲಿ ಏನೂ ಇರಲಿಲ್ಲ.

ಚರ್ಮಕ್ಕೆ ಹಚ್ಚುವ ವಸ್ತುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ವಾಸನೆ ತಡೆಯುವ ಡಿಯೋಡರೆಂಟ್ ಬೇರೆ, ಬೆವರನ್ನೇ ಕಡಿಮೆ ಮಾಡುವ ಆಂಟಿಪರ್ಸ್ಪಿರೆಂಟ್ ಬೇರೆ. ಎರಡನೆಯದರಲ್ಲಿ ಅಲ್ಯೂಮಿನಿಯಂ ಲವಣಗಳಿರುತ್ತವೆ, ಬೆವರಿನ ಕಲೆ ಎಂದು ನಾವು ಕರೆಯುವ ಗಟ್ಟಿ ಹಳದಿ ಪದರದಲ್ಲಿ ಇವುಗಳ ಪಾಲು ದೊಡ್ಡದು. ಇದನ್ನು ಬೆಳಿಗ್ಗೆ ರವಿಕೆ ತೊಡುವ ಮುನ್ನ ಹಚ್ಚಿಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಬೆವರು ಕಡಿಮೆ ಇರುವ ರಾತ್ರಿಯ ಹೊತ್ತು, ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ ಮಲಗಿದರೆ ಅದು ರಂಧ್ರಗಳಲ್ಲಿ ಕೂತು ಕೆಲಸ ಮಾಡುತ್ತದೆ. ಬೆಳಿಗ್ಗೆ ಸ್ನಾನ ಮಾಡಿ ಮೇಲಿನದನ್ನು ತೊಳೆದರೂ ಪರಿಣಾಮ ಉಳಿಯುತ್ತದೆ, ಬಟ್ಟೆಗೆ ಹತ್ತಲು ಹೆಚ್ಚೇನೂ ಉಳಿದಿರುವುದಿಲ್ಲ. ಕಂಕುಳ ಕೂದಲು ತೆಗೆಸಿದ ದಿನ ಹಚ್ಚಬಾರದು, ಉರಿಯುತ್ತದೆ. ಸೆಂಟನ್ನು ಜರಿಯ ಮೇಲೆ, ರೇಷ್ಮೆಯ ಮೇಲೆ ಸಿಂಪಡಿಸಲೇಬಾರದು.

ಬೆವರಿನ ಹೆಸರಿನಲ್ಲಿ ಬರುವ ಇನ್ನೊಂದು ಕಲೆ ಅರಿಶಿನದ್ದು. ಹಿಂದಿನ ದಿನದ ಅರಿಶಿನ ಶಾಸ್ತ್ರದಲ್ಲಿ ಕುತ್ತಿಗೆಗೆ, ತೋಳಿಗೆ ಹಚ್ಚಿದ್ದು ಒಂದೇ ಸ್ನಾನಕ್ಕೆ ಪೂರ್ತಿ ಹೋಗುವುದಿಲ್ಲ, ಮಂಟಪದಲ್ಲಿ ಬೆವರಿನೊಂದಿಗೆ ಇಳಿದು ರವಿಕೆಯ ಕತ್ತಿನ ಅಂಚಿಗೆ ಬಂದು ಕೂರುತ್ತದೆ. ಯಾವುದು ಯಾವುದೆಂದು ತಿಳಿಯುವುದು ಸುಲಭ. ಲೈನಿಂಗಿನ ಮೇಲಿನ ಹಳದಿಗೆ ಸಾಬೂನಿನ ನೀರನ್ನು ತುಸು ಮುಟ್ಟಿಸಿದರೆ ಅರಿಶಿನ ಕೆಂಪಗಾಗುತ್ತದೆ, ಬೆವರಿನ ಹಳದಿ ಹಾಗೆಯೇ ಇರುತ್ತದೆ. ಈ ಪರೀಕ್ಷೆಯನ್ನು ಲೈನಿಂಗಿನ ಮೇಲೆ ಮಾತ್ರ ಮಾಡಬೇಕು, ರೇಷ್ಮೆಯ ಮೇಲೆ ಅಲ್ಲ. ಮದುವೆಯ ಬೆಳಿಗ್ಗೆ ಒದ್ದೆ ಬಿಳಿ ಟವೆಲ್ಲಿನಿಂದ ಕುತ್ತಿಗೆ ಒರೆಸಿ, ಟವೆಲ್ ಬಿಳಿಯಾಗಿಯೇ ಉಳಿಯುವವರೆಗೆ ರವಿಕೆ ತೊಡದಿದ್ದರೆ ಈ ತೊಂದರೆಯೇ ಇಲ್ಲ.

ಸೀರೆಯ ವಿಷಯದಲ್ಲಿ ಹೇಳುವುದು ಕಡಿಮೆ. ಬೆವರು ಹೆಚ್ಚಾಗಿ ಹತ್ತುವುದು ಸೊಂಟದಲ್ಲಿ ನೆರಿಗೆ ಸಿಕ್ಕಿಸುವ ಜಾಗಕ್ಕೆ. ಹೊಳೆಯುವ, ಮೈಗೆ ಅಂಟುವ ಒಳಲಂಗದ ಬದಲು ಹತ್ತಿಯ ಲಂಗವಿದ್ದು, ತೆಳುವಾದ ಲಾಡಿಯ ಜಾಗದಲ್ಲಿ ಎರಡು ಇಂಚಿನ ಹತ್ತಿ ಪಟ್ಟಿ ಇದ್ದರೆ ಸಾಕು.

ಹುಡುಗನ ಕಷ್ಟ ಬೇರೆ ರೀತಿಯದು. ಧಾರೆಗೆ ಪಂಚೆ, ಶಲ್ಯ ಇರುವುದರಿಂದ ಅವನಿಗೆ ಬೆಳಿಗ್ಗೆ ಸೆಕೆಯಿಲ್ಲ. ಆರತಕ್ಷತೆಯಲ್ಲಿ ವೇದಿಕೆಯ ದೀಪಗಳ ಕೆಳಗೆ ಮೂರು ಗಂಟೆ ನಿಲ್ಲುವಾಗ ಶೇರ್ವಾನಿಯ ಮೇಲ್ಬಟ್ಟೆ, ಎದೆಯ ಒಳಗೆ ಅಂಟಿಸುವ ಗಟ್ಟಿ ಫ್ಯೂಸಿಂಗ್ ಪದರ, ಪಾಲಿಯೆಸ್ಟರ್ ಲೈನಿಂಗ್ ಮೂರೂ ಸೇರಿ ಗಾಳಿಯನ್ನು ಮುಚ್ಚಿಬಿಡುತ್ತವೆ. ಹೊಸದಾಗಿ ಹೊಲಿಸುವುದಾದರೆ ಎದೆಯ ಫ್ಯೂಸಿಂಗ್ ಬಿಡಲಾಗದು, ಬಟ್ಟೆ ಕೂರುವುದೇ ಅದರಿಂದ. ಆದರೆ ಬೆನ್ನಿಗೆ ಭುಜದವರೆಗೆ ಮಾತ್ರ ಲೈನಿಂಗ್ ಕೊಟ್ಟು ಕೆಳಗೆ ಬಿಡಿ ಎಂದು, ತೋಳು ಮತ್ತು ಕಂಕುಳಿಗೆ ಹತ್ತಿಯದ್ದನ್ನೇ ಹಾಕಿ ಎಂದು ಟೈಲರಿಗೆ ಮೊದಲೇ ಹೇಳಬೇಕು. ಬಾಡಿಗೆಯ ಶೇರ್ವಾನಿಯಾದರೆ ಲೈನಿಂಗ್ ಮುಟ್ಟುವಂತಿಲ್ಲ, ಆಗ ಎಲ್ಲವೂ ಒಳಗಿನ ಬಟ್ಟೆಯ ಮೇಲೆ ನಿಂತಿರುತ್ತದೆ. ತೋಳಿಲ್ಲದ ಬನಿಯನ್ ಕಂಕುಳನ್ನು ಮುಚ್ಚುವುದೇ ಇಲ್ಲ, ಆದ್ದರಿಂದ ಅರ್ಧ ತೋಳಿನ ತೆಳು ಹತ್ತಿ ಬನಿಯನ್ ಹಾಕಿ, ಅದರ ಮೇಲೆ ಸೆಟ್ಟಿನೊಂದಿಗೆ ಬರುವ ದಪ್ಪ ಕುರ್ತಾದ ಬದಲು ಮಲ್ ಬಟ್ಟೆಯ ಕುರ್ತಾ ಹಾಕಿದರೆ ಸಾಕು. ನಿಂತ ಕಾಲರಿನ ಒಳಗೆ ಬಿಳಿ ಹತ್ತಿಯ ಪಟ್ಟಿಯೊಂದನ್ನು ಕಚ್ಚಾ ಹೊಲಿಗೆಯಲ್ಲಿ ಹಾಕಿ ಮರುದಿನ ಬಿಚ್ಚಿ ತೆಗೆಯಬಹುದು. ಬೂದು, ತಿಳಿ ನೀಲಿಯಂತಹ ಬಣ್ಣಗಳಲ್ಲಿ ಒದ್ದೆ ಎದ್ದು ಕಾಣುತ್ತದೆ, ಕೆನೆ ಬಿಳುಪಿನಲ್ಲಿ ಅಥವಾ ತುಂಬ ಕಡು ಬಣ್ಣಗಳಲ್ಲಿ ಅಷ್ಟು ಕಾಣುವುದಿಲ್ಲ. ಬಹಳ ಬೆವರುವ ಹುಡುಗನಿಗೆ ನಾನು ಹೇಳಬಲ್ಲ ಅತ್ಯುತ್ತಮ ಮಾತು ಈ ಬಣ್ಣದ್ದೇ, ಏಕೆಂದರೆ ಅವನ ಬೆನ್ನಿನ ಬೆವರನ್ನು ಯಾವ ಒಳಬಟ್ಟೆಯೂ ಮೂರು ಗಂಟೆ ಪೂರ್ತಿಯಾಗಿ ತಡೆಯಲಾರದು.

ರಾತ್ರಿ ಎಷ್ಟೇ ದಣಿವಾಗಿದ್ದರೂ ಪ್ಯಾಡ್ ಬಿಚ್ಚಿ, ರವಿಕೆ ಮತ್ತು ಶೇರ್ವಾನಿಗಳನ್ನು ಒಳಮೈ ಹೊರಗೆ ಮಾಡಿ, ಫ್ಯಾನಿನ ಗಾಳಿಗೆ ತೂಗುಹಾಕಬೇಕು. ಕಲೆ ಕಂಡ ಜಾಗವನ್ನಷ್ಟೇ ನೀರಿನಿಂದ ಒರೆಸಿದರೆ ಒದ್ದೆಯ ಅಂಚಿನಲ್ಲಿ ಉಂಗುರದಂತಹ ಗೆರೆ ನಿಲ್ಲುತ್ತದೆ, ಅದನ್ನು ತೆಗೆಯುವುದು ಬೆವರನ್ನು ತೆಗೆಯುವುದಕ್ಕಿಂತ ಕಷ್ಟ. ಬೆವರು ಉಳಿದಿರುವಾಗ ಇಸ್ತ್ರಿಯನ್ನೂ ಮಾಡಬಾರದು, ಬಿಸಿಗೆ ಕಲೆ ಗಟ್ಟಿಯಾಗುತ್ತದೆ. ಒಂದು ವಾರದೊಳಗೆ ಡ್ರೈ ವಾಶಿಗೆ ಕೊಡಿ, ಕೊಡುವಾಗ ಕಂಕುಳನ್ನು ತೆರೆದು ತೋರಿಸಿ "ಇಲ್ಲಿ ಬೆವರು ಹತ್ತಿದೆ" ಎಂದು ಬಾಯಿಬಿಟ್ಟು ಹೇಳಿ. ಪೆಟ್ರೋಲ್ ವಾಶ್ ಎಣ್ಣೆ ಜಿಡ್ಡನ್ನು ತೆಗೆಯುತ್ತದೆ, ಆದರೆ ಉಪ್ಪು ಕರಗುವುದು ನೀರಿನಲ್ಲಿ. ಹೇಳದೆ ಕೊಟ್ಟರೆ ರವಿಕೆ ಹೊಳಪಾಗಿ, ಘಮಘಮಿಸುತ್ತ, ಉಪ್ಪನ್ನು ಒಳಗಿಟ್ಟುಕೊಂಡೇ ಮನೆಗೆ ಬರುತ್ತದೆ. ಹೇಳಿದರೆ ಅವರು ಆ ಜಾಗಕ್ಕೆ ಮೊದಲು ಬೇರೆಯಾಗಿ ಕೈ ಹಾಕಿ, ಆಮೇಲೆ ಉಳಿದುದನ್ನು ತೊಳೆಯುತ್ತಾರೆ.