ತಿಪ್ಪಮ್ಮ ಎಂಬ ಹೆಸರಿನ ಹಿಂದೆ

“ನಿಮ್ಮ ಕಥೆಯ ಅಜ್ಜಿಗೆ ತಿಪ್ಪಮ್ಮ ಅಂತ ಯಾಕೆ ಹೆಸರಿಟ್ಟಿರಿ? ಹೆತ್ತವರು ಮಗುವಿಗೆ ಅಂಥ ಹೆಸರು ಇಡ್ತಾರಾ?”

ಇಡುತ್ತಿದ್ದರು, ಅದೂ ಆ ಮಗು ಉಳಿಯಲೇಬೇಕೆಂಬ ಹಂಬಲದಿಂದ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ, ಅದನ್ನು ಮೊರದಲ್ಲಿ ಮಲಗಿಸಿ ಊರಾಚೆಯ ತಿಪ್ಪೆಯ ಮೇಲೆ ಇಟ್ಟು ಬರುತ್ತಿದ್ದರು. ಮೊದಲೇ ಮಾತಾಡಿಕೊಂಡಿದ್ದ ನೆರೆಯ ಹೆಂಗಸೊಬ್ಬಳು ಅದನ್ನು ಎತ್ತಿಕೊಂಡು ಬಂದು “ತಿಪ್ಪೆಯಲ್ಲಿ ಸಿಕ್ಕಿತು” ಎನ್ನುವಳು; ತಾಯಿ ಒಂದಿಷ್ಟು ತೌಡನ್ನೋ ಕಾಳನ್ನೋ ಕೊಟ್ಟು ತನ್ನ ಕೂಸನ್ನೇ ಕೊಂಡುಕೊಳ್ಳುವಳು. ಯಾರಿಗೂ ಬೇಡವಾದ ಕಸವೆಂದು ತಿಳಿದು ಸಾವು ಇದರ ತಂಟೆಗೆ ಬಾರದಿರಲಿ ಎಂಬುದೇ ಆ ಆಚರಣೆಯ ಉದ್ದೇಶ. ತಿಪ್ಪಮ್ಮ, ತಿಪ್ಪಯ್ಯ ಎಂಬ ಎಷ್ಟೋ ಹೆಸರುಗಳು ಹುಟ್ಟಿದ್ದು ಹೀಗೆ.

ಆದರೆ ಎಲ್ಲ ತಿಪ್ಪಮ್ಮಂದಿರ ಹೆಸರೂ ಹೀಗೆ ಬಂದದ್ದಲ್ಲ. ಚಿತ್ರದುರ್ಗದ ಸೀಮೆಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವವರು ಭಕ್ತಿಯಿಂದಲೇ ಮಕ್ಕಳಿಗೆ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂದು ಹೆಸರಿಡುತ್ತಾರೆ. ಕಥೆಯನ್ನು ಆ ಸೀಮೆಯಲ್ಲೇ ನಡೆಸಿದ್ದು ಇದೇ ಕಾರಣಕ್ಕೆ, ಏಕೆಂದರೆ ಅಲ್ಲಿ ಈ ಹೆಸರಿನ ಮೂಲ ಯಾರೂ ಬಚ್ಚಿಡದೆಯೇ ಮರೆಯಾಗಿ ಉಳಿಯಬಲ್ಲದು. ಮೊಮ್ಮಗಳು ಶೈಲಾ ಅಜ್ಜಿಯ ಹೆಸರು ಸ್ವಾಮಿಯದೆಂದೇ ನಂಬಿ ಬೆಳೆಯುತ್ತಾಳೆ, ಅಜ್ಜಿಯೂ ಅದನ್ನು ತಿದ್ದುವುದಿಲ್ಲ.

ಅವಳಿಗೆ ಅನುಮಾನ ಮೂಡುವುದು ಸಣ್ಣ ಸಂಗತಿಗಳಿಂದ. ಅಜ್ಜಿಯ ತವರಿನ ಮನೆದೇವರು ಆಂಜನೇಯ. ಹಟ್ಟಿಯ ತೇರಿಗೆ ಹರಕೆ ಹೊತ್ತವರು, ಅಲ್ಲಿ ಮುಡಿ ಕೊಟ್ಟವರು ಆ ಮನೆಯಲ್ಲಿ ಒಬ್ಬರೂ ಇಲ್ಲ. ಅಜ್ಜಿಯ ತಮ್ಮ ತಂಗಿಯರು ಹನುಮಂತಪ್ಪ, ಸೀತಮ್ಮ. ಅವಳಿಗಿಂತ ಹಿರಿಯರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕೊನೆಗೆ ಪಕ್ಕದ ಮನೆಯ ಮುದುಕಿ ಹೇಳುತ್ತಾಳೆ: “ನಿಮ್ಮಜ್ಜಿಗಿಂತ ಮುಂಚೆ ಮೂರು ಕೂಸು ಹೋಗಿದ್ವು ಕಣವ್ವ. ಇವಳನ್ನ ತಿಪ್ಪೆಯಿಂದ ಎತ್ಕೊಂಡು ಬಂದೋಳು ನಮ್ಮವ್ವ. ಒಂದು ಮೊರ ತೌಡು ಇಸ್ಕೊಂಡು ವಾಪಸ್ ಕೊಟ್ಲು.”

ಸಾಕಮ್ಮ ಎಂಬ ಹೆಸರು ಇನ್ನೂ ಚೆನ್ನಾಗಿ ಹೊಂದುತ್ತಿತ್ತು ಎಂದು ಕೆಲವರು ಸೂಚಿಸಿದ್ದುಂಟು. ನಾನು ಒಪ್ಪಲಾರೆ. ಹೆಣ್ಣುಮಕ್ಕಳು ಇನ್ನು ಸಾಕು ಎಂದು ಇಟ್ಟ ಸಾಕಮ್ಮನ ಕಥೆಯಲ್ಲಿ ಮೊಮ್ಮಗಳಿಗೆ ತಿಳಿಯುವುದು ಅಜ್ಜಿ ಬೇಡವಾಗಿ ಹುಟ್ಟಿದಳೆಂಬ ನೋವು. ತಿಪ್ಪಮ್ಮನಲ್ಲಿ ಅದು ತಿರುವುಮುರುವು: ಕಿವಿಗೆ ತಿರಸ್ಕಾರದಂತೆ ಕೇಳುವ ಹೆಸರನ್ನು, ಮೂರು ಮಕ್ಕಳನ್ನು ಮಣ್ಣು ಮಾಡಿದ ತಾಯಿಯೊಬ್ಬಳು ನಾಲ್ಕನೆಯದನ್ನು ಉಳಿಸಿಕೊಳ್ಳಲು ಬೇಕೆಂದೇ ಆರಿಸಿದ್ದಳು. ಶಾಲೆಯಲ್ಲಿ ಆ ಹೆಸರು ಹೇಳಲು ನಾಚುತ್ತಿದ್ದ ಹುಡುಗಿಗೆ ಗೊತ್ತಾಗಬೇಕಾದದ್ದು ಇದು. ಅಜ್ಜಿಯ ಹೆಸರನ್ನು ಬದಲಿಸಿದರೆ ನನ್ನ ಕಥೆಯೇ ಇರುವುದಿಲ್ಲ.